ಶೇಕಡಾ ಅಂಕದ ಕಾಟ

ಕುಶಾಲನಗರದ ಕಾಫಿ ಕ್ಯೂರಿಂಗ್ ಘಟಕವೊಂದರಲ್ಲಿ ಲೆಕ್ಕಿಗರ ಹುದ್ದೆಗೆ ಅರ್ಜಿ ಹಾಕಹೊರಟ ನನ್ನ ತಂಗಿಯ ಮಗಳ ರೆಸ್ಯೂಮೆಗೆ, ರೆಸ್ಯೂಮೆಗಳನ್ನು ಅಳೆದು ಅಂಕ ಕೊಡುವ ಒಂದು ಉಚಿತ ಜಾಲತಾಣ ಶೇ. 43 ಕೊಟ್ಟರೆ, ಅದೇ ಕಡತಕ್ಕೆ ಇನ್ನೊಂದು ಶೇ. 78 ಕೊಟ್ಟಿತು. ಇಂಥ ತಾಣಗಳು ಹೆಚ್ಚಾಗಿ ಉದ್ಯೋಗ ಜಾಹೀರಾತಿನ ಪದಗಳು ರೆಸ್ಯೂಮೆಯಲ್ಲಿ ಎಷ್ಟಿವೆಯೆಂದು ತಂತಮ್ಮ ಲೆಕ್ಕದಲ್ಲಿ ಎಣಿಸುತ್ತವೆ. ಆ ಅಂಕವನ್ನು ಉದ್ಯೋಗದಾತರು ನೋಡುವುದೂ ಇಲ್ಲ. ಜಿಎಸ್‌ಟಿ ರಿಟರ್ನ್ ಸಲ್ಲಿಸಿದ ಅನುಭವವನ್ನು ಅವಳು ಸ್ಪಷ್ಟವಾಗಿ ಬರೆದಿದ್ದರೂ, ಜಾಹೀರಾತಿನ ‘ಟ್ಯಾಕ್ಸ್ ಕಂಪ್ಲಯನ್ಸ್’ ಎಂಬ ಮಾತು ಕಾಣದ್ದರಿಂದ ಮೊದಲನೆಯದು ಅಂಕ ಕಡಿದಿತ್ತು. ಇಡೀ ಜಾಹೀರಾತನ್ನೇ ರೆಸ್ಯೂಮೆಯ ಕೊನೆಗೆ ಅಂಟಿಸಿದಾಗ ಅಂಕ ಸರ್ರನೆ ಏರಿತು, ಅವಳ ಅರ್ಹತೆಯೇನೂ ಏರಲಿಲ್ಲ! ನಿಜವಾಗಿ ನೋಡಬೇಕಾದದ್ದು ಬೇರೆ: ಪಿಡಿಎಫ್‌ನ ಪಠ್ಯವನ್ನು ನೋಟ್‌ಪ್ಯಾಡ್‌ಗೆ ನಕಲಿಸಿದರೆ, ಎರಡು ಅಂಕಣಗಳ ಸಾಲುಗಳು ಒಂದರೊಳಗೊಂದು ಬೆರೆತು ಬರುವುದುಂಟು, ಅರ್ಜಿಗಳನ್ನು ಓದುವ ಕಂಪನಿಯ ತಂತ್ರಾಂಶವೂ ಹಾಗೆಯೇ ಓದಿಬಿಡಬಹುದು. ಈ ದೋಷವನ್ನು ತೋರಿಸದ ತಾಣ, ಅಂಕ ಏರಿಸಿಕೊಳ್ಳಲು ಹಣ ಕಟ್ಟಿರೆಂದು ಮಾತ್ರ ಕೆಂಪಕ್ಷರದಲ್ಲಿ ಪೀಡಿಸುತ್ತದೆ.