ಬಾಕಿ ಎಂಬ ಒಂದೇ ಅಂಕಿ ಸಾಲದು

ನಮ್ಮಂಥ ಫ್ರೀಲ್ಯಾನ್ಸರ್‌ಗಳು ಮಾಡಿಕೊಳ್ಳುವ ಡ್ಯಾಶ್‌ಬೋರ್ಡ್‌ಗಳನ್ನು ನೋಡಿ. ಮೇಲ್ಗಡೆ ದಪ್ಪ ಅಕ್ಷರದಲ್ಲಿ ಎರಡು ಅಂಕಿ ಇರುತ್ತವೆ. ಈ ತಿಂಗಳ ಆದಾಯ ಇಷ್ಟು, ಬರಬೇಕಾದ ಬಾಕಿ ಇಷ್ಟು. ಕೆಳಗೆ ಒಂದಷ್ಟು ಬಣ್ಣಬಣ್ಣದ ಚಾರ್ಟ್. ನನ್ನ ಪ್ರಕಾರ ಮೇಲಿನ ಎರಡೂ ಅಂಕಿ ಸುಳ್ಳು. ಲೆಕ್ಕ ತಪ್ಪಿರುವುದಿಲ್ಲ, ಕೂಡಿರುವುದೂ ಸರಿಯೇ ಇರುತ್ತದೆ. ಆದರೆ ಕೂಡಬಾರದ್ದನ್ನೆಲ್ಲ ಒಟ್ಟಿಗೆ ಕೂಡಿರುತ್ತಾರೆ.

ನಾನು ಡಿಸೈನ್ ಕೆಲಸ ಮಾಡುವವನು, ಜಿಎಸ್‌ಟಿ ನೋಂದಣಿ ಇದೆ. ಒಂದು ಕಂಪನಿಗೆ 60,000 ರೂಪಾಯಿಯ ಕೆಲಸ ಮಾಡಿಕೊಟ್ಟೆ ಅಂದುಕೊಳ್ಳಿ. ಶೇ 18ರ ಜಿಎಸ್‌ಟಿ 10,800 ಸೇರಿ ಇನ್‌ವಾಯ್ಸ್ 70,800 ಆಗುತ್ತದೆ. ಲೆಕ್ಕದ ಸಾಫ್ಟ್‌ವೇರ್‌ನಿಂದ ಎಕ್ಸ್‌ಪೋರ್ಟ್ ಮಾಡಿದ ಫೈಲ್‌ನಲ್ಲಿ ಬಾಕಿಯ ಕಾಲಂ ಕೂಡ 70,800 ಎನ್ನುತ್ತದೆ. ಡ್ಯಾಶ್‌ಬೋರ್ಡ್ ಅದನ್ನೇ ಎತ್ತಿ ತೋರಿಸುತ್ತದೆ. ಆದರೆ 70,800 ನನ್ನ ಖಾತೆಗೆ ಬರುವುದೇ ಇಲ್ಲ. ವೃತ್ತಿಪರ ಶುಲ್ಕಕ್ಕೆ ಶೇ 10 ಟಿಡಿಎಸ್ ಹಿಡಿಯುತ್ತಾರೆ. ಜಿಎಸ್‌ಟಿ ಬೇರೆಯಾಗಿ ತೋರಿಸಿದ್ದರೆ ಟಿಡಿಎಸ್ ಅದರ ಮೇಲೆ ಬೀಳುವುದಿಲ್ಲ, 60,000ದ ಮೇಲೆ ಮಾತ್ರ. ಅಂದರೆ 6,000 ಕಡಿತ, ಬ್ಯಾಂಕಿಗೆ ಬರುವುದು 64,800. ಅದರಲ್ಲೂ 10,800 ಸರ್ಕಾರದ್ದು, ಸ್ವಲ್ಪ ದಿನ ನನ್ನ ಹತ್ತಿರ ಇರುತ್ತದೆ ಅಷ್ಟೇ. ಕೈಯಲ್ಲಿ ಉಳಿಯುವುದು 54,000.

ಹೀಗೆ ಒಂದೇ ಬಿಲ್ಲಿನಲ್ಲಿ ನಾಲ್ಕು ಅಂಕಿಗಳಿವೆ. ಆದಾಯ 60,000. ಬ್ಯಾಂಕಿಗೆ ಬರಬೇಕಾದದ್ದು 64,800. ನನ್ನ ಹೆಸರಲ್ಲಿ ಆದಾಯ ತೆರಿಗೆ ಇಲಾಖೆಗೆ ಹೋಗುವುದು 6,000. ನಾನು ಜಿಎಸ್‌ಟಿ ಕಟ್ಟಬೇಕಾದದ್ದು 10,800. ಖರೀದಿಯ ಮೇಲೆ ಕ್ರೆಡಿಟ್ ಇದ್ದರೆ ಈ ಕೊನೆಯದು ಕಡಿಮೆಯಾಗುತ್ತದೆ. ಬಾಕಿ 70,800 ಎಂದು ನೋಡಿ ಮನೆ ಬಾಡಿಗೆ, ಇಎಂಐ ಎಲ್ಲ ಲೆಕ್ಕ ಹಾಕಿದರೆ ಪ್ರತಿ ಬಿಲ್ಲಿನಲ್ಲೂ ಹೆಚ್ಚುಕಡಿಮೆ ಕಾಲು ಭಾಗ ಇಲ್ಲದ ದುಡ್ಡು ಅದು.

ದುಡ್ಡು ಬಂದ ಮೇಲೆ ಇನ್ನೊಂದು ಕಥೆ. 64,800 ಬಂತು ಎಂದು ಸಾಫ್ಟ್‌ವೇರ್‌ನಲ್ಲಿ ಹಾಗೇ ದಾಖಲಿಸಿದರೆ 6,000 ಬಾಕಿ ಉಳಿದುಬಿಡುತ್ತದೆ. ಪೇಮೆಂಟ್ ನಮೂದಿಸುವಾಗಲೇ ಟಿಡಿಎಸ್ ಕಡಿತ ಎಂದು ಹಾಕಬೇಕು. ಹಾಕದಿದ್ದರೆ ವರ್ಷ ಮುಗಿಯುವಷ್ಟರಲ್ಲಿ 90 ದಿನ ದಾಟಿದವರ ಪಟ್ಟಿ ಉದ್ದವಾಗಿರುತ್ತದೆ, ಎಲ್ಲವೂ ಬಿಲ್ಲಿನ ಮೂಲ ಮೊತ್ತದ ಸರಿಯಾಗಿ ಹತ್ತನೇ ಒಂದು ಭಾಗ. ಆ ಪ್ರಮಾಣ ಕಂಡರೆ ಗ್ರಾಹಕರಿಗೆ ಫೋನ್ ಮಾಡುವ ಮುಂಚೆ ನಿಮ್ಮ ನಮೂದನ್ನೇ ಒಮ್ಮೆ ನೋಡಿ.

ಹಾಗಂತ ಎಲ್ಲ ಬಿಲ್ಲಿಗೂ ಶೇ 10 ಎಂದು ಸೂತ್ರ ಬರೆದರೂ ಆಗುವುದಿಲ್ಲ. ಒಬ್ಬ ಗ್ರಾಹಕರಿಂದ ಒಂದು ಹಣಕಾಸು ವರ್ಷದಲ್ಲಿ ಬರುವ ಮೊತ್ತ ಮಿತಿ ದಾಟಿದಾಗ ಮಾತ್ರ ಈ ಕಡಿತ. ಮೊದಲು ಮಿತಿ 30,000 ಇತ್ತು, 2025ರ ಏಪ್ರಿಲ್‌ನಿಂದ 50,000 ಆಯಿತು. ದಾಟಿದ ಮೇಲೆ ಹಿಂದಿನದ್ದೂ ಸೇರಿಸಿ ಹಿಡಿಯುತ್ತಾರೆ. ಜೂನ್‌ನಲ್ಲಿ 30,000ದ ಬಿಲ್ಲು ಪೂರ್ತಿ ಬಂತು. ಆಗಸ್ಟ್‌ನಲ್ಲಿ ಅವರಿಗೇ ಮತ್ತೊಂದು 30,000ದ ಬಿಲ್ಲು ಕೊಟ್ಟಿರಿ. ಈಗ ಒಟ್ಟು 60,000. ಎರಡನೇ ಬಿಲ್ಲಿನಲ್ಲಿ 3,000 ಅಲ್ಲ, 6,000 ಹಿಡಿಯಬಹುದು. ‘ಜಾಸ್ತಿ ಹಿಡಿದಿದ್ದಾರೆ’ ಎಂದು ಜಗಳಕ್ಕೆ ಹೋದರೆ ನಾವೇ ಪೆಚ್ಚಾಗುತ್ತೇವೆ. ಇನ್ನು ನಮ್ಮ ರಸ್ತೆಯ ಬೇಕರಿಯವರಂಥ ಸಣ್ಣ ಗ್ರಾಹಕರು ಟಿಡಿಎಸ್ ಹಿಡಿಯುವುದೇ ಇಲ್ಲ, ಅವರಲ್ಲಿ ಹೆಚ್ಚಿನವರಿಗೆ ಆ ಬಾಧ್ಯತೆಯೂ ಇರುವುದಿಲ್ಲ. ಹಾಗಾಗಿ ದರವನ್ನು ಗ್ರಾಹಕರ ಹೆಸರಿನ ಎದುರು ಇಡಬೇಕು, ಸೂತ್ರದೊಳಗೆ ಅಲ್ಲ:

```
to_bank = subtotal * (1 - client_tds) + gst - received
```

ಜಿಎಸ್‌ಟಿಯ ವಿಷಯ ಇನ್ನೂ ಕಹಿ. ಗ್ರಾಹಕ ದುಡ್ಡು ಕೊಟ್ಟನೋ ಬಿಟ್ಟನೋ, ಸಮಯಕ್ಕೆ ಇನ್‌ವಾಯ್ಸ್ ಕೊಟ್ಟಿದ್ದರೆ ಅದರ ದಿನಾಂಕಕ್ಕೇ ತೆರಿಗೆ ಬಾಕಿ ಹುಟ್ಟುತ್ತದೆ. ತಿಂಗಳ ರಿಟರ್ನ್ ಹಾಕುವವರು ಮರು ತಿಂಗಳ 20ರೊಳಗೆ ಕಟ್ಟಬೇಕು. ಅಂದರೆ ದುಡ್ಡು ಬರದ ಬಿಲ್ಲಿನ 10,800ನ್ನು ನಾನು ನನ್ನ ಜೇಬಿನಿಂದ ಕಟ್ಟುತ್ತೇನೆ. ಆದ್ದರಿಂದ ನನ್ನ ಡ್ಯಾಶ್‌ಬೋರ್ಡ್‌ನಲ್ಲಿ ಮೊದಲು ಕಾಣುವ ಅಂಕಿ ಆದಾಯದ್ದಲ್ಲ. ‘20ಕ್ಕೆ ಬೇಕಾದ ದುಡ್ಡು’ ಎಂದು ಇಟ್ಟಿದ್ದೇನೆ. ಅದರ ಕೆಳಗೆ ಚಿಕ್ಕದಾಗಿ, ಇದರಲ್ಲಿ ಇನ್ನೂ ವಸೂಲಾಗದ ಬಿಲ್ಲುಗಳದ್ದು ಎಷ್ಟು ಅಂತ. ಸಂತೋಷ ಕೊಡುವ ಅಂಕಿ ಅಲ್ಲ, ಆದರೆ ಬೆಳಿಗ್ಗೆ ಕಾಫಿ ಕುಡಿಯುತ್ತಾ ನೋಡಲೇಬೇಕಾದದ್ದು ಅದೇ.

ಈಗ ಡ್ಯಾಶ್‌ಬೋರ್ಡ್‌ಗೆ ರಾತ್ರಿ ಹೊತ್ತು ಅಂಕಿ ತುಂಬುವ ಸ್ಕ್ರಿಪ್ಟ್‌ನ ಕೆಲಸಕ್ಕೆ ಬರೋಣ. ಕ್ಷಣಕ್ಷಣವೂ ಅಪ್‌ಡೇಟ್ ಆಗಬೇಕು ಎಂದು ಕೆಲವರು ಹಟ ಹಿಡಿಯುತ್ತಾರೆ. ಯಾಕೆ ಬೇಕು ಸ್ವಾಮಿ? ನಮ್ಮದೇನು ಷೇರು ವ್ಯಾಪಾರವಾ? ದಿನಕ್ಕೊಮ್ಮೆ ಸಾಕು. ಲೆಕ್ಕದ ಸಾಫ್ಟ್‌ವೇರ್‌ನಿಂದ ಇನ್‌ವಾಯ್ಸ್‌ಗಳ ಒಂದು ಸಿಎಸ್‌ವಿ, ಬಂದ ಪಾವತಿಗಳ ಒಂದು ಸಿಎಸ್‌ವಿ, ಎರಡೇ ಫೈಲು. ಆನ್‌ಲೈನ್ ಸಾಫ್ಟ್‌ವೇರ್ ಆದರೆ ಎಪಿಐ ಮೂಲಕ ಬರುತ್ತದೆ, ಇಲ್ಲವೇ ನಿಗದಿತ ಹೊತ್ತಿಗೆ ರಿಪೋರ್ಟ್ ಮೇಲ್ ಆಗುತ್ತದೆ. ಕಂಪ್ಯೂಟರ್‌ನಲ್ಲೇ ಕೂತಿರುವ ಪ್ಯಾಕೇಜ್ ಆದರೆ ಆ ಹೊತ್ತಿಗೆ ಕಂಪ್ಯೂಟರ್ ಆನ್ ಇರಬೇಕು. ಕರೆಂಟ್ ಹೋದರೆ ಆ ರಾತ್ರಿಯ ಫೈಲು ಇಲ್ಲ.

ನನ್ನ ಗಟ್ಟಿ ಅಭಿಪ್ರಾಯ ಏನೆಂದರೆ, ಪ್ರತಿ ರಾತ್ರಿ ಹಳೆಯದನ್ನು ಅಳಿಸಿ ಇಡೀ ವರ್ಷದ್ದನ್ನೇ ಹೊಸದಾಗಿ ತುಂಬಬೇಕು. ವರ್ಷದ್ದು ಎಂದರೆ ಹಿಂದಿನ ವರ್ಷದ ಬಾಕಿ ಬಿಲ್ಲುಗಳೂ ಸೇರಿ. ಹೊಸ ಸಾಲುಗಳನ್ನು ಮಾತ್ರ ಕೆಳಗೆ ಸೇರಿಸುತ್ತಾ ಹೋಗುವುದು ಜಾಣತನ ಅನಿಸುತ್ತದೆ, ಆದರೆ ಇನ್‌ವಾಯ್ಸ್ ಎನ್ನುವುದು ಬರೆದ ಮೇಲೂ ಬದಲಾಗುತ್ತದೆ. ಜೂನ್‌ನ ಬಿಲ್ಲಿಗೆ ಸೆಪ್ಟೆಂಬರ್‌ನಲ್ಲಿ ಕ್ರೆಡಿಟ್ ನೋಟ್ ಬರುತ್ತದೆ, ಇನ್ನೊಂದು ರದ್ದಾಗುತ್ತದೆ. ‘ನಿನ್ನೆಯಿಂದ ಇವತ್ತಿನವರೆಗಿನ ಇನ್‌ವಾಯ್ಸ್’ ಎಂದು ಎಕ್ಸ್‌ಪೋರ್ಟ್ ಮಾಡಿದರೆ ಇವು ಯಾವುವೂ ಬರುವುದಿಲ್ಲ. ಒಬ್ಬ ಫ್ರೀಲ್ಯಾನ್ಸರ್‌ಗೆ ವರ್ಷಕ್ಕೆ ಎಷ್ಟು ಬಿಲ್ಲು ಇರುತ್ತವೆ ಹೇಳಿ? ಇಡೀ ಫೈಲು ಓದಲು ಒಂದು ಸೆಕೆಂಡೂ ಬೇಡ.

ಎರಡು ಫೈಲುಗಳನ್ನು ಜೋಡಿಸುವಲ್ಲಿ ಒಂದು ಗುಂಡಿ ಇದೆ. ಒಂದು ಬಿಲ್ಲಿಗೆ ಎರಡು ಕಂತಿನಲ್ಲಿ ದುಡ್ಡು ಬಂದಿದ್ದರೆ, ಇನ್‌ವಾಯ್ಸ್ ನಂಬರ್ ಹಿಡಿದು ನೇರವಾಗಿ ಜೋಡಿಸಿದಾಗ ಆ ಬಿಲ್ಲು ಎರಡು ಸಾಲಾಗುತ್ತದೆ. ಆಮೇಲೆ ಕೂಡಿದರೆ 70,800 ಎರಡು ಸಲ ಸೇರುತ್ತದೆ. ಮೊದಲು ಪ್ರತಿ ಬಿಲ್ಲಿಗೆ ಬಂದ ಕಂತುಗಳನ್ನು ಕೂಡಿ ಒಂದೇ ಸಾಲು ಮಾಡಿಕೊಳ್ಳಿ, ಆಮೇಲೆ ಜೋಡಿಸಿ. ಸರಿಯಾಯಿತೋ ಇಲ್ಲವೋ ಎಂದು ತಿಳಿಯುವುದು ಸುಲಭ. ಟಿಡಿಎಸ್ ಕಳೆಯುವ ಮುಂಚಿನ ನಿಮ್ಮ ಒಟ್ಟು ಬಾಕಿ, ಸಾಫ್ಟ್‌ವೇರ್‌ನದೇ ಬಾಕಿ ರಿಪೋರ್ಟಿನ ಮೊತ್ತಕ್ಕೆ ಪೈಸೆಗೆ ಪೈಸೆ ಹೊಂದಬೇಕು. ನನ್ನ ಸ್ಕ್ರಿಪ್ಟ್‌ನಲ್ಲಿ ಹೊಂದದಿದ್ದರೆ ಹೊಸ ಅಂಕಿ ಬರೆಯದೆ ನಿಂತುಬಿಡುತ್ತದೆ.

ನಿಂತಿದೆ ಎಂದು ಗೊತ್ತಾಗುವುದೂ ಮುಖ್ಯ ಅಲ್ವಾ? ಎಕ್ಸ್‌ಪೋರ್ಟ್ ವಿಫಲವಾಗಿ ಹಳೆಯ ಫೈಲೇ ಫೋಲ್ಡರ್‌ನಲ್ಲಿದ್ದರೆ ಸ್ಕ್ರಿಪ್ಟ್ ಅದನ್ನೇ ಓದಿ ‘ರಾತ್ರಿ 2ಕ್ಕೆ ಅಪ್‌ಡೇಟ್ ಆಯಿತು’ ಎಂದು ಹೇಳುತ್ತದೆ. ಅಪ್‌ಡೇಟ್ ಆದದ್ದು ನಿಜ, ಆದರೆ ಫೈಲು ಮೂರು ದಿನ ಹಳೆಯದು. ಆದ್ದರಿಂದ ಸ್ಕ್ರಿಪ್ಟ್ ಓಡಿದ ಸಮಯ ಬೇಡ, ಎಕ್ಸ್‌ಪೋರ್ಟ್ ತಯಾರಾದ ಸಮಯ ತೋರಿಸಿ. ಅದು ಒಂದು ದಿನಕ್ಕಿಂತ ಹಳೆಯದಾದರೆ ಅಂಕಿಗಳನ್ನೆಲ್ಲ ಬೂದು ಬಣ್ಣ ಮಾಡಿ.

ಬಾಡಿಗೆ ಸರ್ವರ್‌ನಲ್ಲಿ ಓಡಿಸುವವರು ಗಡಿಯಾರವನ್ನೂ ನೋಡಿಕೊಳ್ಳಿ. ಸರ್ವರ್ ಸಾಮಾನ್ಯವಾಗಿ ಯುಟಿಸಿಯಲ್ಲಿರುತ್ತದೆ, ನಮ್ಮ ರಾತ್ರಿ 2 ಗಂಟೆ ಅಲ್ಲಿ ಹಿಂದಿನ ದಿನದ 20:30. ‘ಇವತ್ತು’ ಎಂದರೆ ಅದು ನಿನ್ನೆ ಎಂದುಕೊಳ್ಳುತ್ತದೆ. ಉಳಿದ ದಿನ ಒಂದು ದಿನದ ವ್ಯತ್ಯಾಸ ಅಷ್ಟೇ, ಏಪ್ರಿಲ್ 1ರಂದು ಮಾತ್ರ ಇಡೀ ಹಣಕಾಸು ವರ್ಷವೇ ತಪ್ಪು.

```
30 20 * * * TZ=Asia/Kolkata python3 /home/me/baki.py
```

ದಿನಾಂಕದ ಇನ್ನೊಂದು ಕಾಟ, 05/04 ಎಂದರೆ ಏಪ್ರಿಲ್ 5ಓ ಮೇ 4ಓ ಎನ್ನುವುದು. 12ನೇ ತಾರೀಖಿನ ನಂತರದ್ದಾದರೆ ಪ್ರೋಗ್ರಾಂ ತಾನೇ ಎಡವಿ ಕೂಗಿಕೊಳ್ಳಬಹುದು, 12ರ ಒಳಗಿನದ್ದು ಸದ್ದಿಲ್ಲದೆ ತಪ್ಪಾಗುತ್ತದೆ. ಇನ್‌ವಾಯ್ಸ್ ನಂಬರ್ ಏರುತ್ತಾ ಹೋದಂತೆ ದಿನಾಂಕವೂ ಏರುತ್ತಿದೆಯಾ ನೋಡಿದರೆ ಸಿಕ್ಕಿಬೀಳುತ್ತದೆ.

ಇಷ್ಟೆಲ್ಲ ಮಾಡಿ ಕೊನೆಗೆ ಉಪಯೋಗ ಏನು ಎಂದರೆ, ಫೋನ್ ಮಾಡುವುದು. ಯಾರಿಗೆ, ಯಾವಾಗ, ಏನು ಹೇಳಿ ಎನ್ನುವುದು. ಇದರಲ್ಲಿ ನನಗೆ ಹೆಚ್ಚು ಸಹಾಯ ಮಾಡಿದ ಕಾಲಂ ಎಕ್ಸ್‌ಪೋರ್ಟ್‌ನಿಂದ ಬರುವುದೇ ಅಲ್ಲ. ಅದು 26ಎಎಸ್‌ನದು, ಅಂದರೆ ನಮ್ಮ ಹೆಸರಲ್ಲಿ ಯಾರು ಎಷ್ಟು ಟಿಡಿಎಸ್ ಕಟ್ಟಿದ್ದಾರೆ ಎಂದು ಆದಾಯ ತೆರಿಗೆ ಇಲಾಖೆ ತೋರಿಸುವ ಪಟ್ಟಿಯದು, ಮೂರು ತಿಂಗಳಿಗೊಮ್ಮೆ ಕೈಯಲ್ಲೇ ತುಂಬುತ್ತೇನೆ. ಟಿಡಿಎಸ್ ಹಿಡಿಯಬೇಕಾದದ್ದು ದುಡ್ಡು ಕೊಟ್ಟಾಗ ಅಥವಾ ಪುಸ್ತಕದಲ್ಲಿ ಖರ್ಚು ಬರೆದುಕೊಂಡಾಗ, ಯಾವುದು ಮೊದಲೋ ಆಗ. ಹಾಗಾಗಿ ಕೆಲವು ಸಲ ದುಡ್ಡು ಬರುವ ಮೊದಲೇ 26ಎಎಸ್‌ನಲ್ಲಿ ಕಡಿತ ಕಾಣುತ್ತದೆ. ಅಂದರೆ ನಿಮ್ಮ ಬಿಲ್ಲನ್ನು ಅವರು ಒಪ್ಪಿ ಖರ್ಚು ಬರೆದಾಗಿದೆ ಎಂದೇ ಅರ್ಥ.

ಒಂದು ಕಂಪನಿಯ ಅಕೌಂಟ್ಸ್‌ನವರ ಜೊತೆ ನಡೆದ ಮಾತು ಇದು.

“ಸರ್, ನಿಮ್ಮ ಬಿಲ್ ಇನ್ನೂ ಅಪ್ರೂವಲ್‌ಗೆ ಹೋಗಿದೆ.”

“ಮೇಡಂ, ಮಾರ್ಚ್‌ನಲ್ಲೇ ಅದರ ಟಿಡಿಎಸ್ ಕಟ್ ಮಾಡಿದೀರಲ್ಲ, 26ಎಎಸ್‌ನಲ್ಲಿ ಬಂದಿದೆ.”

“…ಒಂದು ನಿಮಿಷ ಸರ್, ನೋಡಿ ಹೇಳ್ತೀನಿ.”

ಆ ವಾರವೇ ದುಡ್ಡು ಬಂತು. ಆದರೆ ಇದಕ್ಕೆ ತಾಳ್ಮೆ ಬೇಕು. ಗ್ರಾಹಕ ತನ್ನ ತ್ರೈಮಾಸಿಕ ರಿಟರ್ನ್ ಸಲ್ಲಿಸಿದ ಮೇಲೇ ನಮಗೆ ಕಾಣುವುದು. ಜನವರಿಯಿಂದ ಮಾರ್ಚ್‌ವರೆಗಿನದಕ್ಕೆ ಅವರಿಗೆ ಮೇ 31ರವರೆಗೆ ಸಮಯ ಇದೆ.

ಸಣ್ಣ ಉದ್ಯಮ ಎಂದು ಸರ್ಕಾರದ ಉದ್ಯಮ್ ನೋಂದಣಿ ಮಾಡಿಸಿರುವವರು ಇನ್ನೊಂದು ಕಾಲಂ ಸೇರಿಸಿಕೊಳ್ಳಿ. ಎಂಎಸ್‌ಎಂಇಡಿ ಕಾಯ್ದೆಯ ಪ್ರಕಾರ ಲಿಖಿತ ಒಪ್ಪಂದ ಇದ್ದರೆ ಅದರಲ್ಲಿರುವ ದಿನದೊಳಗೆ, ಹೆಚ್ಚೆಂದರೆ 45 ದಿನದೊಳಗೆ ಕೊಡಬೇಕು. ಒಪ್ಪಂದ ಇಲ್ಲದಿದ್ದರೆ 15 ದಿನ. ಎಣಿಕೆ ಶುರುವಾಗುವುದು ಮಾಡಿಕೊಟ್ಟ ಕೆಲಸವನ್ನು ಗ್ರಾಹಕ ಒಪ್ಪಿಕೊಂಡ ದಿನದಿಂದ, ಇನ್‌ವಾಯ್ಸ್ ದಿನಾಂಕದಿಂದ ಅಲ್ಲ. ಎಕ್ಸ್‌ಪೋರ್ಟ್‌ನಲ್ಲಿ ಆ ದಿನ ಇರುವುದಿಲ್ಲ. ಹಾಗಾಗಿ ಕೆಲಸ ಒಪ್ಪಿಸಿದ ತಾರೀಖನ್ನು ಇನ್‌ವಾಯ್ಸ್‌ನ ರೆಫರೆನ್ಸ್ ಜಾಗದಲ್ಲಿ ಬರೆದಿಡುತ್ತೇನೆ, ಅಲ್ಲಿಂದ ಸ್ಕ್ರಿಪ್ಟ್ ಎತ್ತಿಕೊಳ್ಳುತ್ತದೆ.

ತಡವಾದರೆ ಬಡ್ಡಿ ಕೇಳುವ ಹಕ್ಕೂ ಇದೆ, ಆರ್‌ಬಿಐ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ. ನಾನಂತೂ ಅದನ್ನು ಕೇಳುವುದಿಲ್ಲ, ಮುಂದಿನ ಕೆಲಸ ಹೋಗುತ್ತದೆ. ಕೇಳಿಸಿಕೊಳ್ಳುವ ಮಾತು ಬೇರೆ ಇದೆ. 2023ರ ಹಣಕಾಸು ಕಾಯ್ದೆಯಲ್ಲಿ ಬಂದ ನಿಯಮದಂತೆ, ಈ ಗಡುವು ಮೀರಿದ ಬಾಕಿ ಮಾರ್ಚ್ 31ಕ್ಕೂ ಉಳಿದಿದ್ದರೆ ಗ್ರಾಹಕನಿಗೆ ಆ ಖರ್ಚು ಆ ವರ್ಷದ ತೆರಿಗೆ ಲೆಕ್ಕದಲ್ಲಿ ಸಿಗುವುದಿಲ್ಲ, ದುಡ್ಡು ಕೊಟ್ಟ ವರ್ಷ ಮಾತ್ರ ಸಿಗುತ್ತದೆ. ಅದಕ್ಕೇ ಮಾರ್ಚ್ ಮೊದಲ ವಾರದಲ್ಲಿ ಗಡುವು ಮೀರಿದವರ ಪಟ್ಟಿಯನ್ನು ಬೇರೆ ತೆಗೆದು, ಉದ್ಯಮ್ ಸರ್ಟಿಫಿಕೇಟ್ ಜೊತೆಗೆ ಅವರ ಅಕೌಂಟ್ಸ್‌ಗೆ ಒಂದು ಮೇಲ್ ಹಾಕುತ್ತೇನೆ. ಬೈಗುಳ ಏನಿಲ್ಲ. ಬಿಲ್ ನಂಬರ್, ಕೆಲಸ ಒಪ್ಪಿಸಿದ ದಿನ, ಗಡುವು ಮುಗಿದ ದಿನ, ಬರಬೇಕಾದ 64,800, ಅಷ್ಟೇ. ಮಾಲೀಕರಿಗಿಂತ ಅವರ ಆಡಿಟರ್ ಇದನ್ನು ಬೇಗ ಓದುತ್ತಾರೆ.