ಅಜ್ಜಿಯ ಮೊಣಕಾಲಿಗೆ ಜೋಳದ ಚೀಲ

ನಾನು ನೆಲೆಸಿರುವ ಜರ್ಮನಿಯಲ್ಲಿ ಚೆರ್ರಿ ಹಣ್ಣಿನ ಬೀಜಗಳನ್ನು ತೊಳೆದು ಒಣಗಿಸಿ, ಬಟ್ಟೆಯಲ್ಲಿ ತುಂಬಿ ನಾಲ್ಕೂ ಕಡೆ ಹೊಲಿದು, ಓವನ್ನಿನಲ್ಲಿ ಬಿಸಿ ಮಾಡಿ ನೋವಿರುವ ಕಡೆ ಇಟ್ಟುಕೊಳ್ಳುವ ರೂಢಿಯಿದೆ. ಕೊಪ್ಪಳದ ನಮ್ಮ ಮನೆಯಲ್ಲಿ ಓವನ್ ಇಲ್ಲ; ಅವ್ವ ಉಪ್ಪು ಹುರಿದು ಬಟ್ಟೆಯಲ್ಲಿ ಗಂಟು ಕಟ್ಟಿ ಮೊಣಕಾಲಿಗೆ ಶಾಖ ಕೊಟ್ಟುಕೊಳ್ಳುತ್ತಾಳೆ. ಹತ್ತು ವರ್ಷದ ಮೊಮ್ಮಗು ಇವೆರಡನ್ನೂ ಕೂಡಿಸಿ, ಬಾಯಿಗೆ ಲಾಡಿಯಿರುವ ಜೋಳದ ಚೀಲ ಹೊಲಿದುಕೊಟ್ಟರೆ ಅದು ಆ ಮನೆಗೆ ಒಗ್ಗುತ್ತದೆ ಎಂಬುದು ನನ್ನ ಅನಿಸಿಕೆ. ಬಾಯಿ ತೆರೆಯುವುದರಿಂದ ಕಾಳನ್ನು ಮಾತ್ರ ಬಿಸಿ ಮಾಡಬಹುದು, ಬಟ್ಟೆಯನ್ನು ಒಗೆಯಲೂಬಹುದು.

ಮೊದಲು ಹಳೆಯ ಪತ್ರಿಕೆಯಲ್ಲಿ 18 ಸೆಂ.ಮೀ. ಅಗಲ, 50 ಸೆಂ.ಮೀ. ಉದ್ದದ ಅಳತೆ ಕತ್ತರಿಸಿ, ಅದನ್ನು ಅಜ್ಜನ ಹಳೆಯ ಹತ್ತಿಯ ಧೋತರದ ಮೇಲಿಟ್ಟು ಗೆರೆ ಎಳೆದು ಕತ್ತರಿಸಬೇಕು. ಜರಿಯಂಚಾಗಲಿ ಪಾಲಿಯೆಸ್ಟರ್ ಆಗಲಿ ಬೇಡ, ಬಿಸಿಗೆ ಅವು ಕೆಡುತ್ತವೆ. ಬಟ್ಟೆಯ 50 ಸೆಂ.ಮೀ. ಉದ್ದ 25 ಆಗುವಂತೆ ಅರ್ಧ ಮಡಿಸಿ, ಎರಡು ಪಕ್ಕಗಳನ್ನು ಅಂಚಿನಿಂದ ಒಂದು ಸೆಂ.ಮೀ. ಒಳಗೆ ಹೊಲಿಯಬೇಕು. ಕೌದಿಗೆ ಹಾಕುವಂಥ ಉದ್ದನೆಯ ಓಟದ ಹೊಲಿಗೆ ಇಲ್ಲಿ ಸಾಲದು, ಅದರ ಸಂದಿಯಿಂದ ಜೋಳ ಜಾರಿ ಬೀಳುತ್ತದೆ. ಸೂಜಿ ಒಂದು ಹೆಜ್ಜೆ ಮುಂದೆ ಹೋಗಿ, ಅರ್ಧ ಹೆಜ್ಜೆ ಹಿಂದೆ ಬಂದು ಚುಚ್ಚಬೇಕು. ಹೊಲಿದ ಮೇಲೆ ಚೀಲವನ್ನು ಬೆಳಕಿಗೆ ಹಿಡಿದು ಎರಡು ಕಡೆ ಎಳೆದರೆ, ಎಲ್ಲಿ ಬೆಳಕು ಹಾಯುತ್ತದೆಯೋ ಅಲ್ಲಿ ಮತ್ತೊಮ್ಮೆ ಹೊಲಿಯಬೇಕೆಂದು ಮಗುವಿಗೇ ತಿಳಿಯುತ್ತದೆ. ಆಮೇಲೆ ಚೀಲವನ್ನು ಒಳಹೊರಗು ತಿರುವಿ, ಬಾಯಿಗೆ ಹತ್ತಿಯ ಲಾಡಿ ಕಟ್ಟಿದರಾಯಿತು.

ತುಂಬಲು ಬಿಸಿಲಿಗೆ ಒಣಗಿಸಿದ ಅರ್ಧ ಕಿಲೋ ಜೋಳ ಸಾಕು. ಅರ್ಧ ಚೀಲ ಖಾಲಿ ಉಳಿದರೆ ಮಾತ್ರ ಅದು ಮೊಣಕಾಲಿನ ಮೇಲೆ ಬಾಗಿ ಕೂರುತ್ತದೆ. ಒಂದು ಎಚ್ಚರಿಕೆಯನ್ನು ಒತ್ತಿ ಹೇಳುತ್ತೇನೆ: ಬಿತ್ತನೆಗೆಂದು ತಂದ ಪ್ಯಾಕೆಟ್ಟಿನ ಜೋಳವನ್ನು ಬಳಸಲೇಬಾರದು. ಅದಕ್ಕೆ ಔಷಧಿ ಲೇಪಿಸಿರುತ್ತಾರೆ, ಸಾಮಾನ್ಯವಾಗಿ ಕೆಂಪು ಅಥವಾ ಗುಲಾಬಿ ಬಣ್ಣ ಕೈಗೆ ಹತ್ತುತ್ತದೆ. ಹಿಂಗಾರಿ ಬಿತ್ತನೆಯ ಕಾಲದಲ್ಲಿ ನಮ್ಮ ಮನೆಗಳ ಪಡಸಾಲೆಯಲ್ಲಿ ಅದು ತಿನ್ನುವ ಜೋಳದ ಪಕ್ಕದಲ್ಲೇ ಇರುವುದುಂಟು.

ಬಿಸಿ ಮಾಡುವುದು ದೊಡ್ಡವರ ಕೆಲಸ. ಬಾಣಲೆಯಲ್ಲಿ ಸಣ್ಣ ಉರಿಯ ಮೇಲೆ ಕಾಳು ಬೆಚ್ಚಗಾಗುವವರೆಗೆ ಕೈಯಾಡಿಸಿ ಇಳಿಸಬೇಕು. ಪಂಚಮಿಯ ಅರಳಿನಂತೆ ಒಂದೇ ಒಂದು ಕಾಳು ಸಿಡಿದರೂ ಕಾವು ವಿಪರೀತವಾಯಿತೆಂದು ತಿಳಿದು, ಕಾಳನ್ನು ಪೂರ್ತಿ ತಣ್ಣಗಾಗಿಸಬೇಕು. ಚೀಲಕ್ಕೆ ತುಂಬಿದ ಮೇಲೆ ದೊಡ್ಡವರು ತಮ್ಮ ಮುಂಗೈ ಒಳಬದಿಗೆ ಹತ್ತು ಎಣಿಸುವಷ್ಟು ಹೊತ್ತು ಇಟ್ಟು ನೋಡಲಿ. ಸಕ್ಕರೆ ಕಾಯಿಲೆಯಿಂದ ಕಾಲು ಜೋಮು ಹಿಡಿದಿರುವ ಅಜ್ಜ ಅಜ್ಜಿಯರಿಗೆ ಸುಟ್ಟರೂ ತಿಳಿಯದು. ಅಂಥವರ ಕಾಲಿಗೆ ಈ ಶಾಖ ಬೇಡ. ಬಳಸಿದ ಕಾಳನ್ನು ತಟ್ಟೆಯಲ್ಲಿ ಹರಡಿ ಆರಿಸಿಯೇ ಮತ್ತೆ ತುಂಬಬೇಕು, ಮುಗ್ಗಲು ವಾಸನೆ ಬಂದರೆ ಅಥವಾ ಹುಳು ಕಂಡರೆ ಕಾಳು ಬದಲಿಸಬೇಕು. ಇಷ್ಟನ್ನು ಮಗು ದಪ್ಪ ಕಾಗದದ ಚೀಟಿಯಲ್ಲಿ, ಅಜ್ಜಿ ಕನ್ನಡಕವಿಲ್ಲದೆ ಓದುವಷ್ಟು ದೊಡ್ಡ ಅಕ್ಷರದಲ್ಲಿ ಬರೆದು ಚೀಲದ ಜೊತೆಗೆ ಕೊಡಲಿ. ಲಾಡಿಗೆ ಕಟ್ಟುವುದಾದರೆ ಬಿಸಿ ಕಾಳು ತುಂಬುವ ಮುಂಚೆ ಬಿಚ್ಚಿಡಲಿ.