ಸಣ್ಣ ಚಾನೆಲ್‌ನಿಂದ ಮೊದಲ ಸ್ಪಾನ್ಸರ್ ಮೇಲ್

“ನನಗೆ 3,000 ಸಬ್‌ಸ್ಕ್ರೈಬರ್ ಅಷ್ಟೇ. ಬ್ರ್ಯಾಂಡ್‌ಗೆ ಮೇಲ್‌ನಲ್ಲಿ ಏನಂತ ಬರೆಯಲಿ?”

ಆ ಸಂಖ್ಯೆಯಿಂದ ಮೇಲ್ ಶುರು ಮಾಡಬೇಡಿ. ನನ್ನದು ತಾರಸಿ ತೋಟದ ಚಾನೆಲ್, ಆಗ 4,000 ಜನ ಇದ್ದರು. “ನಿಮ್ಮ ಜೊತೆ ಕೊಲಾಬ್ ಮಾಡಲು ಆಸಕ್ತಿ ಇದೆ” ಅಂತ ಸುಮ್ನೆ ಬರೆದ ಮೊದಲ ಮೇಲ್‌ಗಳಿಗೆ ಉತ್ತರವೇ ಬರಲಿಲ್ಲ.

ಆಮೇಲೆ ಒಂದು ಚಿಕ್ಕ ಬೀಜದ ಕಂಪನಿಗೆ ಬೇರೆ ರೀತಿ ಬರೆದೆ. ಟೊಮೆಟೊ ವಿಡಿಯೋ ಕೆಳಗೆ “ಬೀಜ ಎಲ್ಲಿ ಸಿಗುತ್ತೆ?” ಎಂದು ಜನ ಕೇಳಿದ್ದರಲ್ವಾ, ಆ ಕಾಮೆಂಟ್‌ಗಳ ಸ್ಕ್ರೀನ್‌ಶಾಟ್ ಮೊದಲು ಇಟ್ಟೆ. ಕಂಪನಿಗೆ ಬೇಕಾದದ್ದು ಕೊಳ್ಳುವವರು, ಅವರು ಅಲ್ಲೇ ಕಾಣಿಸಿದರು. ಆಮೇಲೆ ಕೊನೆಯ ಹತ್ತು ವಿಡಿಯೋಗಳಿಗೆ ಸಾಮಾನ್ಯವಾಗಿ ಬರುವ ವ್ಯೂಸ್ ಹೇಳಿದೆ. ವೈರಲ್ ಆದ ಒಂದನ್ನು ಬಿಟ್ಟೇ ಲೆಕ್ಕ ಹಾಕಿದೆ. ಅದನ್ನು ಸೇರಿಸಿದರೆ ಲೆಕ್ಕ ದೊಡ್ಡದಾಗಿ ಕಾಣುತ್ತದೆ, ಮುಂದಿನ ವಿಡಿಯೋಗೆ ಅಷ್ಟು ವ್ಯೂಸ್ ಬರದಿದ್ದಾಗ ಕಂಪನಿಯ ನಂಬಿಕೆ ಹೋಗುತ್ತದೆ.

ಕೊನೆಗೆ ಒಂದೇ ಪ್ರಸ್ತಾಪ: ಬಿತ್ತನೆಯಿಂದ ಮೊಳಕೆವರೆಗೆ ಒಂದು ವಿಡಿಯೋ, ಪಿನ್ ಕಾಮೆಂಟ್‌ನಲ್ಲಿ ಅವರ ಲಿಂಕ್, ನನಗೇ ಅಂತ ಒಂದು ಕೂಪನ್ ಕೋಡ್, ಇಷ್ಟಕ್ಕೆ ಇಷ್ಟು ಹಣ. ಕೋಡ್ ಇದ್ದರೆ ಎಷ್ಟು ಮಾರಾಟವಾಯಿತು ಅಂತ ಅವರಿಗೇ ತಿಳಿಯುತ್ತದೆ, ಎರಡನೇ ಸಲ ಜಾಸ್ತಿ ಕೇಳಲು ನಿಮಗೂ ಆಧಾರ.

ಮೊಳಕೆ ಬರದಿದ್ದರೆ ಅದನ್ನೂ ತೋರಿಸುತ್ತೇನೆ ಅಂತ ಮೇಲ್‌ನಲ್ಲೇ ಬರೆಯಿರಿ. ಅಪ್‌ಲೋಡ್ ಮಾಡುವಾಗ ಪೇಯ್ಡ್ ಪ್ರಮೋಷನ್ ಬಾಕ್ಸ್ ಟಿಕ್ ಮಾಡುವುದನ್ನು ಮರೆಯಬೇಡಿ.